ಅಕ್ಕ ದಾಟಿಹೋದ ಕಂಡಿಕೆ

ನಮ್ಮ ಕಾಲೇಜಿನ ಆಡಳಿತ ಮಂಡಳಿಯವರಿಗೆ ಒಂದು ಮಾತನ್ನು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಸೋಮವಾರ ಪರೀಕ್ಷೆ ಅನ್ನುವುದಕ್ಕೆ ಅವರು ಮೊದಲು ವಿಷಯ ಅಂತ ಬರೆಯಬೇಕು, ಆಮೇಲೆ ಉಲ್ಲೇಖ ಅಂತ ಬರೆಯಬೇಕು, ಆಮೇಲೆ 'ಹಿಂದಿನ ಸುತ್ತೋಲೆಯನ್ನು ಭಾಗಶಃ ಮಾರ್ಪಡಿಸಿ ಈ ಮೂಲಕ ಸಂಬಂಧಪಟ್ಟ ಎಲ್ಲರ ಗಮನಕ್ಕೆ ತರಬಯಸುವುದೇನೆಂದರೆ' ಅಂತ ಉಸಿರು ಕಟ್ಟುವಷ್ಟು ಉದ್ದ ಎಳೆಯಬೇಕು. ಅಷ್ಟೆಲ್ಲ ಆದ ಮೇಲೂ ಪರೀಕ್ಷೆ ಯಾವತ್ತು ಅನ್ನುವುದು ಕೊನೆಯ ಹಾಳೆಯ ಅನುಬಂಧದಲ್ಲಿರುತ್ತದೆ. ನಾನು ವಾಣಿಜ್ಯ ವಿಭಾಗದ ಗುಮಾಸ್ತ. ಇಂಥ ಸುತ್ತೋಲೆ ಕೈಗೆ ಬಂದರೆ ನನಗೆ ತಲೆ ಚಿಟ್ಟು ಹಿಡಿಯುತ್ತದೆ. ಆಫೀಸಿನಲ್ಲಿ ನನ್ನನ್ನು ಗೊಣಗಣ್ಣ ಅಂತ ಕರೆಯುತ್ತಾರೆ. ಅದಕ್ಕೆ ಕಾರಣ ನಾನಲ್ಲ, ಸುತ್ತೋಲೆಗಳು.

ನಮ್ಮನ್ನೆಲ್ಲ ಕಾಪಾಡುತ್ತಿದ್ದವಳು ಟಪಾಲು ಅಕ್ಕ.

ಟಪಾಲು ಅಕ್ಕ ಅಂದರೆ ಪ್ರಿನ್ಸಿಪಾಲರ ಕೋಣೆಯ ಪಕ್ಕದ ಮೇಜಿನಲ್ಲಿ ಕೂತು ಬಂದ ಕಾಗದ, ಹೋಗುವ ಕಾಗದ ಎಲ್ಲಕ್ಕೂ ನಂಬರು ಹಾಕುವವಳು. ನನಗಿಂತ ಎಂಟು ಹತ್ತು ವರ್ಷ ಚಿಕ್ಕವಳು. ಆದರೂ ನನಗೂ ಅಕ್ಕ, ಬಾಗಿಲು ಕಾಯುವವನಿಗೂ ಅಕ್ಕ, ನಿವೃತ್ತಿಯ ಅಂಚಿನಲ್ಲಿರುವ ಗ್ರಂಥಪಾಲಕರಿಗೂ ಅಕ್ಕ. ಕೆಲವರು ಹುಟ್ಟುತ್ತಲೇ ಅಕ್ಕಂದಿರಾಗಿರುತ್ತಾರೆ ಅಂತ ಕಾಣುತ್ತದೆ.

ಸುತ್ತೋಲೆ ಬಂದ ದಿನ ಅವಳು ಅದನ್ನು ಒಂದು ಸಲ ಸುಮ್ಮನೆ ಓದುತ್ತಾಳೆ, ಕೈಯಲ್ಲಿ ಪೆನ್ನು ಹಿಡಿಯದೆ. ಎರಡನೇ ಸಲ ಪೆನ್ಸಿಲ್ ಹಿಡಿದು ಓದುತ್ತಾಳೆ. ಪ್ರತಿ ಕಂಡಿಕೆಯ ಪಕ್ಕದ ಅಂಚಿನಲ್ಲಿ ಒಂದು ಗುರುತು ಬೀಳುತ್ತದೆ: 'ದಿನ', 'ಶುಲ್ಕ', 'ಅರ್ಜಿ'. ಈ ಮೂರಕ್ಕೂ ಸೇರದ್ದು, ಕಟ್ಟಡದ ಸುಣ್ಣಬಣ್ಣವೋ ಅಧ್ಯಾಪಕರ ರಜೆಯೋ ಇದ್ದರೆ, 'ನಮ್ಮದಲ್ಲ'. ಆಮೇಲೆ ಒಂದೊಂದು ವಿಭಾಗದ ಗುಮಾಸ್ತನಿಗೆ ಅಂತ ಒಂದೊಂದು ಹಾಳೆ ತಯಾರಾಗುತ್ತದೆ. ಹಾಳೆಯಲ್ಲಿ ಮೂರೇ ಭಾಗ. ಯಾವ ಪರೀಕ್ಷೆ ಯಾವತ್ತು, ಬೆಳಿಗ್ಗೆಯೋ ಮಧ್ಯಾಹ್ನವೋ. ಶುಲ್ಕ ದಂಡವಿಲ್ಲದೆ ಎಲ್ಲಿಯವರೆಗೆ, ದಂಡ ಸೇರಿಸಿ ಎಲ್ಲಿಯವರೆಗೆ. ಯಾರು ಯಾವ ಅರ್ಜಿ ತುಂಬಬೇಕು, ಜೊತೆಗೆ ಏನು ಲಗತ್ತಿಸಬೇಕು. ಪ್ರತಿ ಸಾಲಿನ ಕೊನೆಗೂ ಅದು ಮೂಲದ ಯಾವ ಕಂಡಿಕೆಯಿಂದ ಬಂತು ಅನ್ನುವ ಸಂಖ್ಯೆ.

ಇದರಲ್ಲಿ ಏನು ಮಹಾ ಅಂತ ನಾನೂ ಅಂದುಕೊಂಡಿದ್ದೆ. ಒಂದು ವರ್ಷ ಅವಳು ರಜೆಯಲ್ಲಿದ್ದಾಗ ಕಲಾ ವಿಭಾಗದ ಗುಮಾಸ್ತ ತಾನೇ ಬರೆಯುತ್ತೇನೆ ಅಂತ ಹೊರಟ. ಸುತ್ತೋಲೆಯಲ್ಲಿ ಯಾವಾಗಲೂ ಎರಡು 'ಕೊನೆಯ ದಿನಾಂಕ' ಇರುತ್ತವೆ. ಒಂದು, ವಿದ್ಯಾರ್ಥಿ ಶುಲ್ಕ ಕಟ್ಟಿ ಅರ್ಜಿ ಕೊಡುವ ದಿನ. ಇನ್ನೊಂದು, ವಿಭಾಗದವರು ಎಲ್ಲ ಅರ್ಜಿ ಪರಿಶೀಲಿಸಿ, ಹೆಸರುಪಟ್ಟಿ ಸಮೇತ ಕಟ್ಟು ಮಾಡಿ ಪರೀಕ್ಷಾ ವಿಭಾಗಕ್ಕೆ ಒಪ್ಪಿಸುವ ದಿನ. ಪುಣ್ಯಾತ್ಮ ಎರಡನೆಯದನ್ನು ಮೊದಲನೆಯದು ಅಂತ ಬರೆದು ಗೋಡೆಗೆ ಅಂಟಿಸಿದ. ಹುಡುಗರು ಆರಾಮಾಗಿ ಕೊನೆಯ ಗಳಿಗೆಗೆ ಬಂದರು, ಬ್ಯಾಂಕಿನ ಕೌಂಟರ್ ಮುಚ್ಚಿತ್ತು. ಅವನು ಪ್ರಿನ್ಸಿಪಾಲರ ಕೋಣೆಯಲ್ಲಿ ಬೈಸಿಕೊಂಡಿದ್ದು ವರಾಂಡದವರೆಗೆ ಕೇಳಿಸುತ್ತಿತ್ತು. ಅಂದಿನಿಂದ ಅಕ್ಕನ ಹಾಳೆಯಲ್ಲಿ 'ವಿದ್ಯಾರ್ಥಿಯ ದಿನ', 'ನಮ್ಮ ದಿನ' ಅಂತ ಎರಡು ಬೇರೆ ಬೇರೆ ಸಾಲುಗಳು.

ನನಗೂ ಅವಳಿಗೂ ಜಗಳವಾಗುತ್ತಿದ್ದುದು ಖಾಲಿ ಬಿಟ್ಟ ಜಾಗದ ವಿಷಯಕ್ಕೆ. ಈ ಸಲದ ಹಾಳೆಯಲ್ಲೂ ಒಂದು ಸಾಲು ಖಾಲಿಯಿತ್ತು. ವೆಚ್ಚ ಲೆಕ್ಕಶಾಸ್ತ್ರದ ಪರೀಕ್ಷೆಯ ಎದುರು ದಿನಾಂಕವೇ ಇರಲಿಲ್ಲ.

"ಇದೇನಕ್ಕ, ಮುಖ್ಯವಾದದ್ದೇ ಖಾಲಿ ಬಿಟ್ಟಿದ್ದೀಯಲ್ಲ! ಹುಡುಗ್ರು ನನ್ನ ತಲೆ ತಿಂತಾರೆ."

"ಐದನೇ ಕಂಡಿಕೆಯಲ್ಲಿ ಹದಿನಾರು ಅಂತಿದೆ, ಅನುಬಂಧದಲ್ಲಿ ಹದಿನೇಳು ಅಂತಿದೆ ಅಣ್ಣ. ಫೋನ್ ಮಾಡಿ ಕೇಳಿದ್ದೀನಿ. ನೋಡಿ ಹೇಳ್ತೀವಿ ಅಂದಿದ್ದಾರೆ."

"ಅನುಬಂಧದಲ್ಲಿರೋದೇ ಸರಿ ಇರುತ್ತೆ. ಹಾಕಿಬಿಡು."

"ಇರುತ್ತೆ ಅಂತ ನಿಮಗೆ ಯಾರು ಹೇಳಿದ್ರು? ಊಹೆ ಮಾಡಿ ತುಂಬೋಕಿಂತ ಖಾಲಿ ಇರ್ಲಿ ಬಿಡಿ. ಖಾಲಿ ಇದ್ರೆ ಜನ ಬಂದು ಕೇಳ್ತಾರೆ. ತಪ್ಪು ಇದ್ರೆ ಯಾರೂ ಕೇಳಲ್ಲ, ನಂಬ್ತಾರೆ."

ಮರುದಿನ ತಿದ್ದುಪಡಿ ಬಂತು. ಸರಿಯಾದದ್ದು ಹದಿನಾರು. ನಾನು ಬಾಯಿಗೆ ಬೀಗ ಹಾಕಿಕೊಂಡು ಆ ಸಾಲು ತುಂಬಿದೆ. ಅವಳು ನಗಲೂ ಇಲ್ಲ. ನಕ್ಕಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು.

ಆ ಪರೀಕ್ಷೆಯ ದಿನಾಂಕದ ಮೇಲೆ ಈ ಸಲ ಅವಳಿಗೆ ಸ್ವಂತದ ಆಸಕ್ತಿಯೂ ಇತ್ತು. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಕ್ಕ ಇದೇ ಕಾಲೇಜಿನ ವಾಣಿಜ್ಯ ಪದವಿಯ ವಿದ್ಯಾರ್ಥಿನಿಯಾಗಿದ್ದವಳು. ಕೊನೆಯ ವರ್ಷದಲ್ಲಿದ್ದಾಗ ತಂದೆ ಹಾಸಿಗೆ ಹಿಡಿದರು. ಎಲ್ಲ ಪರೀಕ್ಷೆ ಬರೆದು, ವೆಚ್ಚ ಲೆಕ್ಕಶಾಸ್ತ್ರದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಳು. ತಂದೆ ಹೋದ ಮೇಲೆ ಆಫೀಸಿನಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು, ಅದೇ ಕಾಯಂ ಆಯಿತು. ಇಬ್ಬರು ತಮ್ಮಂದಿರನ್ನೂ ಒಬ್ಬ ತಂಗಿಯನ್ನೂ ಓದಿಸಿದಳು. ಅವರ ಅರ್ಜಿಗಳನ್ನೆಲ್ಲ ಅವಳೇ ತುಂಬಿದಳು, ಅವರ ದಿನಾಂಕಗಳನ್ನೆಲ್ಲ ಅವಳೇ ನೆನಪಿಟ್ಟುಕೊಂಡಳು. ಆ ಒಂದು ವಿಷಯ ಮಾತ್ರ ಹಾಗೇ ಉಳಿಯಿತು. ಮದುವೆಯ ಮಾತು ಬಂದಾಗೆಲ್ಲ 'ತಂಗಿಯದಾಗಲಿ' ಅಂದಳಂತೆ, ಓದಿನ ಮಾತು ಬಂದಾಗೆಲ್ಲ 'ಮುಂದಿನ ವರ್ಷ' ಅಂದಳಂತೆ. ಇದನ್ನು ನನಗೆ ಹೇಳಿದ್ದು ಅವಳ ಅಮ್ಮ. ಆಕೆ ಒಮ್ಮೆ, ಮಗಳು ಮನೆಯಲ್ಲಿ ಮರೆತುಬಂದ ಊಟದ ಡಬ್ಬಿ ಕೊಡಲು ಆಫೀಸಿಗೆ ಬಂದಿದ್ದರು. "ಊರಿನ ಮಕ್ಕಳಿಗೆಲ್ಲ ಪರೀಕ್ಷೆ ಯಾವತ್ತು ಅಂತ ಹೇಳ್ತಾಳೆ, ತನ್ನದು ಯಾವತ್ತು ಅಂತ ಕೇಳಿದ್ರೆ ಮಾತು ಬದಲಾಯಿಸ್ತಾಳೆ" ಅಂತ ಅವರು ಅಕ್ಕನ ಎದುರಿಗೇ ದೂರು ಕೊಟ್ಟು ಹೋದರು.

ಆದರೆ ಈ ವರ್ಷದ ಸುತ್ತೋಲೆಯ ಎರಡನೇ ಕಂಡಿಕೆಯಲ್ಲಿ ಮುಂದಿನ ವರ್ಷ ಅನ್ನುವ ಮಾತಿಗೇ ಜಾಗವಿರಲಿಲ್ಲ. ಹಳೆಯ ಪಠ್ಯಕ್ರಮದವರಿಗೆ ಇದೇ ಕೊನೆಯ ಅವಕಾಶ. ಇದು ತಪ್ಪಿದರೆ ಹೊಸ ಪಠ್ಯಕ್ರಮದಲ್ಲಿ ಮೊದಲ ವರ್ಷದಿಂದ ಓದಬೇಕು. ಅದನ್ನು ಓದಿದ ದಿನವೇ ಅಕ್ಕ ನನ್ನ ಮೇಜಿಗೆ ಬಂದು ಅರ್ಜಿ ಕೇಳಿದಳು. ಯಾವ ಹುಡುಗನಿಗೆ ಅಂತ ಕೇಳಿದೆ. "ಹುಡುಗನಿಗಲ್ಲ" ಅಂದಳು. ದಂಡವಿಲ್ಲದ ಮೊದಲ ದಿನವೇ ಶುಲ್ಕ ಕಟ್ಟಿ, ಹಳೆಯ ಅಂಕಪಟ್ಟಿಯ ನಕಲು, ಎರಡು ಭಾವಚಿತ್ರ ಲಗತ್ತಿಸಿ ಅರ್ಜಿಯನ್ನು ನನ್ನ ಕೈಗೆ ಕೊಟ್ಟಳು. ಅಂದಿನಿಂದ ಊಟದ ಬಿಡುವಿನಲ್ಲಿ ಡಬ್ಬಿಯ ಪಕ್ಕ ಪುಸ್ತಕ ತೆರೆದಿರುತ್ತಿತ್ತು. ನಾನು ಎರಡು ಸಲ ಹಾಸ್ಯ ಮಾಡಿದೆ. ಮೂರನೇ ಸಲ ಅವಳ ಮುಖ ನೋಡಿ ಬಿಟ್ಟುಬಿಟ್ಟೆ.

'ನಮ್ಮ ದಿನ' ಬಂತು. ಸಂಜೆ ಐದರೊಳಗೆ ನನ್ನ ವಿಭಾಗದ ಅರ್ಜಿಗಳ ಕಟ್ಟು ಪರೀಕ್ಷಾ ವಿಭಾಗಕ್ಕೆ ಹೋಗಬೇಕು. ಊಟವಾದ ಮೇಲೆ ಕಟ್ಟನ್ನು ಸೂಪರಿಂಟೆಂಡೆಂಟರ ಮೇಜಿನ ಮೇಲಿಟ್ಟೆ. ನಮ್ಮ ಸೂಪರಿಂಟೆಂಡೆಂಟರು ಒಳ್ಳೆಯವರು, ಆದರೆ ಮೂಲ ಸುತ್ತೋಲೆ ಪಕ್ಕದಲ್ಲಿಟ್ಟುಕೊಳ್ಳದೆ ಯಾವುದಕ್ಕೂ ಸಹಿ ಹಾಕುವವರಲ್ಲ. ಒಂದೊಂದೇ ಅರ್ಜಿ ಮಗುಚುತ್ತಾ ಬಂದವರು ಅಕ್ಕನ ಅರ್ಜಿಯ ಹತ್ತಿರ ನಿಂತರು.

"ಇದಕ್ಕೆ ಅನುಮತಿ ಪತ್ರ ಎಲ್ಲಿ?"

"ಯಾವ ಅನುಮತಿ ಸಾರ್?"

"ಹದಿನಾಲ್ಕನೇ ಕಂಡಿಕೆ ನೋಡಯ್ಯ. ಸಂಸ್ಥೆಯ ನೌಕರರು ಪರೀಕ್ಷೆ ಬರೆಯೋದಾದ್ರೆ ನಮೂನೆ ಆರರಲ್ಲಿ ಅನುಮತಿ ಪಡೆದು ಅರ್ಜಿ ಜೊತೆಗೇ ಕೊಡಬೇಕು. ಅವರು ಪರೀಕ್ಷೆ ಕೆಲಸದಲ್ಲಿ ಇರೋ ಹಾಗಿಲ್ಲ. ಅವರ ಬದಲಿಗೆ ಇನ್ನೊಬ್ಬರು ಒಪ್ಪಿ ಸಹಿ ಮಾಡಬೇಕು. ಆಡಳಿತ ಮಂಡಳಿಯ ಕಾರ್ಯದರ್ಶಿಗಳ ಸಹಿ ಬೇಕು. ಇಲ್ಲದಿದ್ರೆ ಅರ್ಜಿ ತಿರಸ್ಕಾರ ಅಂತ ಬರೆದಿದೆ."

ಅಕ್ಕನನ್ನು ಕರೆದೆ. ಅವಳು ಬಂದು ಮೂಲ ಸುತ್ತೋಲೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಹದಿನಾಲ್ಕನೇ ಕಂಡಿಕೆ ನಾಲ್ಕೇ ಸಾಲಿನದು. ಅದರ ಪಕ್ಕದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ, ಅವಳದೇ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: 'ನಮ್ಮದಲ್ಲ'.

ಸುತ್ತೋಲೆಯನ್ನು ಎರಡೆರಡು ಸಲ ಓದಿದ ಹೆಂಗಸು. ಹುಡುಗರಿಗೆ ಬೇಕಾ, ಗುಮಾಸ್ತನಿಗೆ ಬೇಕಾ ಅಂತ ಕೇಳಿಕೊಂಡು ಕೇಳಿಕೊಂಡು ಓದುವ ಅಭ್ಯಾಸ ಅದೆಷ್ಟು ಗಟ್ಟಿಯಾಗಿತ್ತೆಂದರೆ, ತನ್ನ ಬಗ್ಗೆಯೇ ಬರೆದ ನಾಲ್ಕು ಸಾಲನ್ನು ಅವಳು ಪರರದು ಅಂತ ದಾಟಿ ಹೋಗಿದ್ದಳು. ಬೇರೆ ಯಾರು ಓದಿದ್ದರೂ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಅದೇ.

ಸೂಪರಿಂಟೆಂಡೆಂಟರು ಕನ್ನಡಕ ತೆಗೆದರು. ದನಿ ಮೆತ್ತಗಾಯಿತು.

"ನೋಡಮ್ಮ, ಈಗ ಮೂರು ಹತ್ತಿರ ಬಂತು. ಕಾರ್ಯದರ್ಶಿಗಳು ಇವತ್ತು ಮುಖ್ಯ ಕಚೇರಿಯಲ್ಲಿ ಸಭೆಯಲ್ಲಿದ್ದಾರೆ. ಅದೂ ಅಲ್ಲದೆ, ನೀನು ಪರೀಕ್ಷೆ ಕೆಲಸ ಬಿಟ್ರೆ ಈ ಆಫೀಸು ಹೇಗೆ ನಡೆಯುತ್ತೆ ಹೇಳು? ಇಷ್ಟು ವರ್ಷ ಪದವಿ ಇಲ್ಲದೇನೇ ಎಲ್ಲ ನಿಭಾಯಿಸಿದ್ದೀಯ. ನಿನಗೆ ಅದು ಇದ್ರೂ ಒಂದೇ, ಇಲ್ಲದಿದ್ರೂ ಒಂದೇ."

ಅವರು ಹೊಗಳಿಕೆ ಅಂತಲೇ ಹೇಳಿದ್ದು. ಆದರೆ ಅಕ್ಕನ ಕಿವಿ ಕೆಂಪಾಯಿತು. ಆ ಮೇಜಿನ ಎದುರು ಅವಳು ದನಿ ಎತ್ತಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅವತ್ತೂ ಎತ್ತಲಿಲ್ಲ. ಒಂದೊಂದೇ ಮಾತನ್ನು ಮೇಜಿನ ಮೇಲಿಟ್ಟಳು.

"ಒಂದೇ ಅಲ್ಲ ಸಾರ್. ಆಫೀಸಿಗೆ ಒಂದೇ ಇರಬಹುದು. ನನಗೆ ಒಂದೇ ಅಲ್ಲ. ನಾನು ಬರೀತೀನಿ. ನಮೂನೆ ಆರು ಕೊಡಿ."

ನಮೂನೆ ಅವಳ ಬೀರುವಿನಲ್ಲೇ ಇತ್ತು, ಬೇರೆ ಯಾರ ಬಳಿ ಇರಲು ಸಾಧ್ಯ! ನಿಂತುಕೊಂಡೇ ತುಂಬಿದಳು. 'ಬದಲಿ ವ್ಯವಸ್ಥೆ: ಒಪ್ಪಿದವರ ಹೆಸರು ಮತ್ತು ಸಹಿ' ಅನ್ನುವ ಸಾಲಿಗೆ ಬಂದಾಗ ಪೆನ್ನು ನಿಂತಿತು. ನನಗೆ ಆಗ ಹೊಳೆಯಿತು, ಈ ಆಫೀಸಿನಲ್ಲಿ ಎಲ್ಲರೂ ಅವಳಿಂದ ಏನಾದರೂ ಕೇಳಿದವರೇ. ಅವಳು ಮಾತ್ರ ಯಾರನ್ನೂ ಏನನ್ನೂ ಕೇಳಿದವಳಲ್ಲ. ಕೇಳುವುದು ಹೇಗೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ ಅಂತ ಕಾಣುತ್ತದೆ, ಯಾಕೆಂದರೆ ಅವಳು ಕೇಳಲಿಲ್ಲ, ಹೇಳಿದಳು.

"ಅಣ್ಣ, ಪರೀಕ್ಷೆ ಮುಗಿಯೋವರೆಗೆ ನನ್ನ ಕೆಲಸ ನೀವು ಮಾಡಬೇಕು."

"ನಾನಾ? ಸುತ್ತೋಲೆ ಕಂಡ್ರೆ ನನಗೆ ಜ್ವರ ಬರುತ್ತೆ ಅಂತ ಗೊತ್ತಿಲ್ವಾ ನಿನಗೆ?"

"ಗೊತ್ತು. ಸಹಿ ಹಾಕಿ."

"ಏಳು ವಿಭಾಗದ ಹಾಳೆ ನಾನು ಬರೆಯೋದಾ? ಆ ಕಲಾ ವಿಭಾಗದವನು ನನ್ನನ್ನ ಬಿಡ್ತಾನಾ? ನನಗೆ ನನ್ನ ಮೇಜಿನ ಕೆಲಸವೇ ಕುತ್ತಿಗೆವರೆಗೂ ಇದೆ, ಇದರ ಮೇಲೆ ನಿನ್ನದೂ..."

"ಇಲ್ಲಿ ಹಾಕಿ ಅಣ್ಣ. ಈ ಸಾಲಿನ ಮೇಲೆ."

ಗೊಣಗುತ್ತಲೇ ಹಾಕಿದೆ. ಸೂಪರಿಂಟೆಂಡೆಂಟರು ನಮ್ಮಿಬ್ಬರನ್ನೂ ನೋಡಿ, ತಾವೂ ಸಹಿ ಹಾಕಿ, ನಮೂನೆ ಹಿಡಿದು ಪ್ರಿನ್ಸಿಪಾಲರ ಕೋಣೆಗೆ ತಾವೇ ಹೋಗಿ ಅಲ್ಲಿಯ ಸಹಿಯನ್ನೂ ತಂದುಕೊಟ್ಟರು. ನಿನ್ನ ಕಟ್ಟನ್ನು ಐದಕ್ಕೆ ಹತ್ತು ನಿಮಿಷ ಇರುವವರೆಗೆ ನಾನೇ ತಡೆದಿಟ್ಟಿರುತ್ತೇನೆ, ಆಮೇಲೆ ಒಂದು ಕ್ಷಣವೂ ನಿಲ್ಲಿಸುವ ಹಾಗಿಲ್ಲ, ಉಳಿದ ಮಕ್ಕಳದೂ ಹೋಗಬೇಕು ಅಂದರು. ಅದು ನ್ಯಾಯವೇ.

ಅಕ್ಕನೊಬ್ಬಳನ್ನೇ ಮುಖ್ಯ ಕಚೇರಿಗೆ ಕಳಿಸಲು ಮನಸ್ಸಾಗದೆ ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡೆ. ದಾರಿಯುದ್ದಕ್ಕೂ ನಾನು ಸಿಗ್ನಲ್ಲುಗಳನ್ನು, ಬಸ್ಸುಗಳನ್ನು, ರಸ್ತೆ ಅಗೆದವರನ್ನು ಬೈದೆ. ಅವಳು ನಮೂನೆಯ ಕಾಗದವನ್ನು ಎದೆಗವಚಿಕೊಂಡು ಕೂತಿದ್ದಳು.

ಮುಖ್ಯ ಕಚೇರಿಯಲ್ಲಿ ಕಾರ್ಯದರ್ಶಿಗಳ ಆಪ್ತ ಸಹಾಯಕ ತಟ್ಟೆ ತೋರಿಸಿದ. "ಇಲ್ಲಿಟ್ಟು ಹೋಗಿ. ನಾಳೆ ಸಹಿ ಆಗುತ್ತೆ."

"ನಾಳೆ ಆದ್ರೆ ಬೇಡ. ಇವತ್ತೇ ಬೇಕು."

"ಸಭೆ ನಡೀತಿದೆ ಅಮ್ಮ."

"ನಡೀಲಿ. ಮಧ್ಯೆ ಚಹಾ ಹೋಗುತ್ತಲ್ಲ, ಆಗ ಬಾಗಿಲು ತೆರೆಯುತ್ತೆ."

ಎಷ್ಟೋ ವರ್ಷ ಇಂಥದೇ ಒಂದು ಬಾಗಿಲಿನ ಪಕ್ಕ ಕೂತವಳಿಗೆ ಬಾಗಿಲುಗಳ ಸ್ವಭಾವ ಗೊತ್ತಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಗೋಡೆಗೆ ಒರಗಲೂ ಇಲ್ಲ. ನಾನು ಮಾತ್ರ ಗಡಿಯಾರ ನೋಡಿ ನೋಡಿ ಬೆವೆತುಹೋದೆ. ಕೊನೆಗೆ ಚಹಾದ ತಟ್ಟೆ ಬಂತು. ಬಾಗಿಲು ತೆರೆಯಿತು. ತಟ್ಟೆಯ ಹಿಂದೆಯೇ ಅಕ್ಕ ಒಳಗೆ ನಡೆದಳು. ಸಹಾಯಕ "ಅಮ್ಮಾ" ಅಂದ. ಅಷ್ಟರಲ್ಲಿ ಅವಳು ಮೇಜಿನ ತುದಿ ತಲುಪಿದ್ದಳು. ನಾನು ಹೊಸ್ತಿಲಲ್ಲಿ ನಿಂತೆ.

ಕಾರ್ಯದರ್ಶಿಗಳು ನಮೂನೆ ಓದಿ ಹುಬ್ಬು ಗಂಟಿಕ್ಕಿದರು.

"ಕೊನೆ ಗಳಿಗೆಯಲ್ಲಿ ತಂದಿದ್ದೀಯಲ್ಲಮ್ಮ. ಸುತ್ತೋಲೆ ಕಳಿಸಿ ಎಷ್ಟು ದಿನ ಆಯ್ತು! ಓದಿರಲಿಲ್ವಾ?"

"ಓದಿದ್ದೆ ಸಾರ್."

"ಮತ್ತೆ?"

"ಬೇರೆಯವರಿಗೋಸ್ಕರ ಓದಿದ್ದೆ."

ಮೇಜಿನ ಸುತ್ತ ಕೂತವರಲ್ಲಿ ಒಬ್ಬರು ಕಪ್ಪನ್ನು ಕೆಳಗಿಟ್ಟರು. ಅವಳು ಮುಂದುವರಿಸಿದಳು. "ತಪ್ಪು ನನ್ನದೇ. ಆದ್ರೆ ಐದು ಗಂಟೆವರೆಗೆ ಸಮಯ ಇದೆ ಅಂತ ನಿಮ್ಮ ಸುತ್ತೋಲೆಯೇ ಹೇಳುತ್ತೆ, ಹನ್ನೊಂದನೇ ಕಂಡಿಕೆ. ಇನ್ನೂ ಐದಾಗಿಲ್ಲ."

ಅವರು ಗಡಿಯಾರ ನೋಡಿದರು, ನನ್ನ ಕಡೆಗೊಮ್ಮೆ ನೋಡಿದರು. ನಾನು ಯಾಕೋ ಕೈ ಮುಗಿದೆ. ಸಹಿ ಬಿತ್ತು. ಮೊಹರು ಹಾಕಿಸಿಕೊಂಡು ಮೆಟ್ಟಿಲಿಳಿಯುವಾಗ ಅಕ್ಕ ನನ್ನ ತೋಳು ಹಿಡಿದುಕೊಂಡಳು, ಕೆಳಗೆ ಬಂದ ಕೂಡಲೇ ಬಿಟ್ಟಳು.

ನನ್ನ ಕಟ್ಟು ಐದಕ್ಕೆ ಮೊದಲೇ ಹೋಯಿತು. ಅವಳ ಅರ್ಜಿ ಎಲ್ಲಕ್ಕಿಂತ ಮೇಲಿತ್ತು.

ಮರುದಿನದಿಂದ ನನ್ನ ಕಷ್ಟಕಾಲ ಶುರುವಾಯಿತು. ಪರೀಕ್ಷೆಯ ಕೊಠಡಿಗಳ ಬಗ್ಗೆ, ಪ್ರವೇಶ ಪತ್ರಗಳ ಬಗ್ಗೆ ಹೊಸ ಸುತ್ತೋಲೆ ಬಂತು. ಅಕ್ಕನನ್ನು ಕೇಳುವ ಹಾಗಿಲ್ಲ, ಅವಳು ಈಗ ಪರೀಕ್ಷಾರ್ಥಿ. ನಾನೇ ಓದಿದೆ. ಮೊದಲ ಸಲ ಪೆನ್ನು ಹಿಡಿಯದೆ, ಹಲ್ಲು ಕಚ್ಚಿಕೊಂಡು. ಎರಡನೇ ಸಲ ಪೆನ್ಸಿಲ್ ಹಿಡಿದು. ಒಂದು ಕಂಡಿಕೆ ನಮಗೆ ಸಂಬಂಧವೇ ಇಲ್ಲ ಅನ್ನಿಸಿತು. 'ನಮ್ಮದಲ್ಲ' ಅಂತ ಬರೆಯಲು ಕೈ ಹೋಯಿತು. ಬರೆಯಲಾಗಲಿಲ್ಲ. ಮೊದಲು ಇದು ಹಾಗಾದರೆ ಯಾರದು ಅಂತ ಕೇಳಿಕೊಂಡೆ, ಆಮೇಲೆ ಪ್ರತಿ ಕಂಡಿಕೆಗೂ ಅದನ್ನೇ ಕೇಳಿದೆ. ಕೆಲಸ ಎರಡರಷ್ಟಾಯಿತು. ನನ್ನ ಹಾಳೆಯಲ್ಲಿ ಮೂರರ ಬದಲು ನಾಲ್ಕು ಭಾಗ. ನಾಲ್ಕನೆಯದರ ತಲೆಬರಹ, 'ಪರೀಕ್ಷೆ ಬರೆಯುವ ಸಿಬ್ಬಂದಿಗೆ'. ಅದರಡಿಯಲ್ಲಿ, ನೌಕರ ಪರೀಕ್ಷಾರ್ಥಿಗಳು ಗುರುತಿನ ಚೀಟಿಯ ಜೊತೆ ಅನುಮತಿ ಪತ್ರದ ನಕಲನ್ನೂ ತರಬೇಕು, ಕಂಡಿಕೆ ಒಂಬತ್ತು, ಅಂತ ಬರೆದೆ. ಅದನ್ನು ಓದಬೇಕಾದವರು ಇಡೀ ಕಾಲೇಜಿನಲ್ಲಿ ಒಬ್ಬರೇ ಅಂತ ಗೊತ್ತಿದ್ದೂ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ.

ಪ್ರವೇಶ ಪತ್ರ ಹಂಚುವ ದಿನ ನನ್ನ ಮೇಜಿನ ಮುಂದೆ ಹುಡುಗ ಹುಡುಗಿಯರ ಸಾಲು ವರಾಂಡದ ತುದಿಯವರೆಗೆ ನಿಂತಿತ್ತು. ಅದರ ಕೊನೆಯಲ್ಲಿ ಅಕ್ಕ. ಹಿಂದಿನ ಬಾಗಿಲಿನಿಂದ ಬಂದು ತೆಗೆದುಕೊಂಡು ಹೋಗಬಹುದಿತ್ತು, ಬರಲಿಲ್ಲ. ಸಾಲು ನಿಧಾನವಾಗಿ ಸರಿಯುತ್ತಿದ್ದಾಗ ಅವಳು ಗೋಡೆಯ ಹಾಳೆಯನ್ನು ಓದುತ್ತಿದ್ದುದನ್ನು ನೋಡಿದೆ. ನಾಲ್ಕನೇ ಭಾಗದ ಹತ್ತಿರ ಬೆರಳಿಟ್ಟು ಬಹಳ ಹೊತ್ತು ನಿಂತಳು. ಮುಂದೆ ನಿಂತ ಹುಡುಗಿಯರಿಗೆ ಕಾಣದ ಹಾಗೆ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಅವಳಿಗೋಸ್ಕರ ಇನ್ನೊಬ್ಬರು ಓದಿ ಬರೆದಿಟ್ಟದ್ದು ಅದೇ ಮೊದಲಿರಬೇಕು. ನಾನು ಎದುರಿಗಿದ್ದ ಹುಡುಗನಿಗೆ ಸಹಿ ಸರಿಯಾಗಿ ಹಾಕಲು ಬರಲ್ವಾ ಅಂತ ಸುಮ್ಮನೆ ಗದರಿದೆ.

ಕೊನೆಗೆ ಪೆಟ್ಟಿಗೆಯಲ್ಲಿ ಒಂದೇ ಪ್ರವೇಶ ಪತ್ರ ಉಳಿಯಿತು. ಮೇಜಿನ ಮುಂದೆ ಅವಳೊಬ್ಬಳೇ ಇದ್ದಳು. ಅದನ್ನು ಎತ್ತಿ ಹಿಡಿದು, ಆಫೀಸಿನ ದನಿಯಲ್ಲಿ, ಯಾರನ್ನೋ ಕೇಳುವವನಂತೆ ಕೇಳಿದೆ.

"ಇದೊಂದು ಉಳಿದಿದೆ. ಯಾರದ್ದು?"

ಅಕ್ಕ ಗುರುತಿನ ಚೀಟಿಯನ್ನೂ ಅನುಮತಿ ಪತ್ರದ ನಕಲನ್ನೂ ಮೇಜಿನ ಮೇಲೆ ಜೋಡಿಸಿಟ್ಟು, ಕೈ ಚಾಚಿದಳು.

"ನಂದು" ಅಂದಳು.